ಸಾಲ ತೀರಿಸುವ ಮುಂಚೆ ಬರೆಯಬೇಕಾದ ಪತ್ರ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಬಿರದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ ತರುವುದು ಹೇಗೆ ಎಂಬುದರ ಮೇಲೆ ಈ ವೇದಿಕೆಯಲ್ಲಿ ಎಷ್ಟೋ ಭಾಷಣಗಳಾಗಿವೆ. ನಮಗೆ ಅಧ್ಯಕ್ಷರು ಒಪ್ಪಿಸಿರುವುದು ಅದರ ಇನ್ನೊಂದು ತುದಿ. ಸಾಲವನ್ನು ಅವಧಿಗೆ ಮುಂಚೆಯೇ ಪೂರ್ತಿ ಕಟ್ಟಿ ಮುಗಿಸುವಾಗ ಸಾಲ ಕೊಟ್ಟವರಿಗೆ ಒಂದು ಪತ್ರ ಬರೆಯಬೇಕು. ಆ ಪತ್ರದಲ್ಲಿ ಏನು ಕೇಳಬೇಕು, ಯಾಕೆ ಕೇಳಬೇಕು ಎಂಬುದಷ್ಟೇ ಇವತ್ತಿನ ವಿಷಯ. ನಮ್ಮ ಸಂಘದ ಬೆಳೆ ಸಾಲದ ಮಾತು ಇದಲ್ಲ. ಅದು ವರ್ಷಕ್ಕೊಮ್ಮೆ ಕಟ್ಟಿ ಮತ್ತೆ ತೆಗೆಯುವ ಸಾಲ, ಗಡುವಿನೊಳಗೆ ಕಟ್ಟಿದರೆ ಬಡ್ಡಿಯೂ ಇಲ್ಲ. ನಾವು ಹೇಳುವುದು ಪೇಟೆಯ ಬ್ಯಾಂಕು, ಫೈನಾನ್ಸ್ ಕಂಪನಿಗಳಲ್ಲಿ ಮಾಡಿದ ಕಂತಿನ ಸಾಲದ ಬಗ್ಗೆ, ಅದರಲ್ಲೂ ಮನೆ ಸಾಲದ ಬಗ್ಗೆ.

ನಮ್ಮ ಸದಸ್ಯರೊಬ್ಬರಿಗೆ ಆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಹೆಸರು ಬೇಡ, ಸಾಲ ಕೊಟ್ಟವರ ಹೆಸರೂ ಬೇಡ. ಅವರು ಮನೆ ಸಾಲ ತೀರಿಸಲು ಅಡಿಕೆ ಮಾರಿದ ದುಡ್ಡು ತೆಗೆದುಕೊಂಡು ಹೋದರು. ಪಾಸ್ ಬುಕ್ಕಿನಲ್ಲಿ ಕೊನೆಗೆ ಎಷ್ಟು ಬಾಕಿ ಬರೆದಿತ್ತೋ ಅಷ್ಟನ್ನೂ ಕಟ್ಟಿ, ರಶೀದಿ ಜೇಬಿಗಿಟ್ಟುಕೊಂಡು, ಊರಿಗೆ ಬಂದು ಸಿಹಿ ಹಂಚಿದರು. ಒಂದು ವರ್ಷ ಕಳೆದ ಮೇಲೆ ಎರಡು ಹಸು ತರೋಣ ಎಂದು ಇನ್ನೊಂದು ಬ್ಯಾಂಕಿಗೆ ಹೋದರೆ, ಅಲ್ಲಿಯವರು ಕಂಪ್ಯೂಟರ್ ನೋಡಿ, “ಯಜಮಾನ್ರೇ, ನಿಮ್ಮ ಮನೆ ಸಾಲ ಇನ್ನೂ ಮುಗಿದಿಲ್ಲ, ಸುಸ್ತಿ ತೋರಿಸ್ತಾ ಇದೆ” ಅಂದರು. ಅವರಿಗೆ ನಿಂತ ನೆಲವೇ ಕುಸಿದ ಹಾಗಾಯಿತು.

ನಡೆದದ್ದು ಇಷ್ಟೇ. ಪಾಸ್ ಬುಕ್ಕಿನ ಬಾಕಿ ಹಿಂದಿನ ಕಂತು ಜಮಾ ಆದ ದಿನದ್ದು. ಅಲ್ಲಿಂದ ಇವರು ದುಡ್ಡು ಕಟ್ಟಿದ ದಿನದವರೆಗಿನ ಬಡ್ಡಿ ಅದರಲ್ಲಿ ಸೇರಿರಲಿಲ್ಲ. ಸಾವಿರದ ಇನ್ನೂರು ಚಿಲ್ಲರೆ ಉಳಿಯಿತು. ಉಳಿದದ್ದರಿಂದ ಖಾತೆ ಮುಚ್ಚಲಿಲ್ಲ. ಇವರು ಕಟ್ಟಿದ ದೊಡ್ಡ ಮೊತ್ತ ಭಾಗಶಃ ಮುಂಗಡ ಪಾವತಿ ಎಂದು ಜಮಾ ಆಯಿತು. ಸಾಲ ಮುಗಿಯಿತಲ್ಲ ಎಂದು ಇವರು ಉಳಿತಾಯ ಖಾತೆಯನ್ನು ಖಾಲಿ ಬಿಟ್ಟರು. ಅತ್ತ ಕಂತು ವಸೂಲಿಯ ಹಳೇ ಆದೇಶ ಜೀವಂತ ಇತ್ತು. ಪ್ರತಿ ತಿಂಗಳೂ ಅದು ಖಾತೆಗೆ ಬಂದು, ದುಡ್ಡಿಲ್ಲದೆ ವಾಪಸು ಹೋಗಿ, ಒಂದೊಂದು ಸಲಕ್ಕೂ ವಾಪಸಾತಿ ಶುಲ್ಕ ಬಿತ್ತು. ಲಕ್ಷಾಂತರ ತೀರಿಸಿದವರು ಸಾವಿರದ ಬಾಕಿಗೆ ಸುಸ್ತಿದಾರರಾದರು. ಕೊನೆಗೆ ಎಲ್ಲ ಕಟ್ಟಿ ಸರಿ ಮಾಡಿಕೊಂಡರು ಅನ್ನಿ, ಆದರೆ ಅಷ್ಟರಲ್ಲಿ ಹಸುವಿನ ಸಾಲದ ಅರ್ಜಿ ಬಿದ್ದುಹೋಗಿತ್ತು.

ಇದನ್ನು ಕೇಳಿದ ಮೇಲೆ ನಾವು ಇನ್ನೊಬ್ಬ ಸದಸ್ಯರ ಜೊತೆ ಕೂತು ಅವರ ಪತ್ರ ಬರೆಸಿದೆವು. 2025ರ ಜೂನ್ ತಿಂಗಳ ಮಾತು. ಅವರದು ಮನೆ ಸಾಲ, ಮಗ ಶಾಲಾ ಶಿಕ್ಷಕ, ಸಾಲದಲ್ಲಿ ಅವನೂ ಜಂಟಿ, ಮನೆಯೂ ಇಬ್ಬರ ಹೆಸರಿನಲ್ಲಿ. ಬಡ್ಡಿ ವರ್ಷಕ್ಕೆ ಶೇಕಡಾ 9, ಕಂತು ತಿಂಗಳಿಗೆ 9,000 ರೂಪಾಯಿ, ಪ್ರತಿ 5ನೇ ತಾರೀಖು. ಜೂನ್ 5ರ ಕಂತು ಹೋದ ಮೇಲೆ ಅಸಲು ಬಾಕಿ 2,19,000 ರೂಪಾಯಿ. ಲೆಕ್ಕ ಸುಲಭವಾಗಲೆಂದು ಮೊತ್ತವನ್ನು ಸ್ವಲ್ಪ ಹೊಂದಿಸಿ ಹೇಳುತ್ತಿದ್ದೇವೆ.

ಈಗ ಒಂದು ದಿನದ ಬಡ್ಡಿ ನೋಡಿ. 2,19,000ಕ್ಕೆ ಶೇಕಡಾ 9ರಂತೆ ವರ್ಷಕ್ಕೆ 19,710. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 54 ರೂಪಾಯಿ. ಅವರು ಕಟ್ಟಬೇಕೆಂದಿದ್ದುದು ಜೂನ್ 25ಕ್ಕೆ. 5ರಿಂದ 25ಕ್ಕೆ 20 ದಿನ, ಇಪ್ಪತ್ತು ಐವತ್ನಾಲ್ಕಲ 1,080. ಅಲ್ಲಿಗೆ 2,20,080 ಆಯಿತು. ಶಾಖೆಯಲ್ಲಿ ಕೇಳಿದರೆ ಕೌಂಟರಿನಲ್ಲಿದ್ದ ಹುಡುಗ, “ಪಾಸ್ ಬುಕ್ಕಿನಲ್ಲಿ ಇದೆಯಲ್ಲ ಯಜಮಾನ್ರೇ, ಅಷ್ಟು ಕಟ್ಟಿಬಿಡಿ” ಅಂತಲೇ ಅಂದ. ಅವನದೂ ತಪ್ಪಲ್ಲ, ಅವನ ಮುಂದಿದ್ದ ಪರದೆಯಲ್ಲಿ ಕಾಣುತ್ತಿದ್ದುದೂ ಅದೇ. ಅದಕ್ಕೇ ಬಾಯಿಮಾತು ಸಾಲದು ಎನ್ನುವುದು. ಸಾಲ ಮುಕ್ತಾಯದ ಲೆಕ್ಕಪತ್ರ ಎಂದು ಬೇರೆಯೇ ಒಂದು ಕಾಗದ ಇದೆ. ಬ್ಯಾಂಕಿನವರ ಭಾಷೆಯಲ್ಲಿ ಲೋನ್ ಕ್ಲೋಸರ್ ಸ್ಟೇಟ್‌ಮೆಂಟ್, ಕೆಲವರು ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಇಂಥ ದಿನ ಇಷ್ಟು ಕಟ್ಟಿದರೆ ಖಾತೆ ಪೂರ್ತಿ ಮುಚ್ಚುತ್ತದೆ ಎಂದು ಅವರೇ ಬರೆದು ಕೊಡುವ ಲೆಕ್ಕ ಅದು. ಅದನ್ನು ಕೈಗೆ ತೆಗೆದುಕೊಂಡ ಮೇಲೆಯೇ ಗಂಟು ಬಿಚ್ಚಬೇಕು.

ಆ ಪತ್ರವನ್ನು ಇಲ್ಲಿ ಹಾಗೆಯೇ ಓದುತ್ತೇವೆ. ಹೆಸರು, ನಂಬರು ಬಿಟ್ಟಿದ್ದೇವೆ.

“ಶಾಖಾ ವ್ಯವಸ್ಥಾಪಕರಿಗೆ. ದಿನಾಂಕ 12-6-2025. ವಿಷಯ: ಮನೆ ಸಾಲವನ್ನು ಅವಧಿಗೆ ಮುಂಚೆ ಪೂರ್ತಿ ತೀರಿಸಲು ಲೋನ್ ಕ್ಲೋಸರ್ ಸ್ಟೇಟ್‌ಮೆಂಟ್ ಹಾಗೂ ಬಡ್ಡಿ ಪ್ರಮಾಣಪತ್ರ ಕೊಡುವ ಬಗ್ಗೆ. ಸಾಲ ಖಾತೆ ಸಂಖ್ಯೆ ಇಂಥದು, ಸಾಲಗಾರರು ಇಂಥವರು, ಜಂಟಿ ಸಾಲಗಾರರು ಇಂಥವರು.

ಮಾನ್ಯರೇ, ಮೇಲ್ಕಂಡ ಸಾಲವನ್ನು ದಿನಾಂಕ 25-6-2025ರಂದು ಪೂರ್ತಿಯಾಗಿ ತೀರಿಸಲು ಇಚ್ಛಿಸಿದ್ದೇವೆ. ಆದ್ದರಿಂದ ಆ ದಿನಕ್ಕೆ ಕಟ್ಟಬೇಕಾದ ಒಟ್ಟು ಮೊತ್ತವನ್ನು ಅಸಲು, ಆ ದಿನದವರೆಗಿನ ಬಡ್ಡಿ, ಹಿಂದಿನ ಶುಲ್ಕಗಳೇನಾದರೂ ಇದ್ದರೆ ಅವು, ಹೀಗೆ ಬೇರೆ ಬೇರೆಯಾಗಿ ತೋರಿಸಿ ಕೊಡಬೇಕು. ಪಾವತಿ ತಡವಾದಲ್ಲಿ ದಿನಕ್ಕೆ ಎಷ್ಟು ಬಡ್ಡಿ ಸೇರುತ್ತದೆ, ಈ ಲೆಕ್ಕ ಯಾವ ದಿನದವರೆಗೆ ಊರ್ಜಿತ ಎಂಬುದನ್ನೂ ನಮೂದಿಸಬೇಕು. ಅವಧಿಪೂರ್ವ ಪಾವತಿಗೆ ಶುಲ್ಕ ಹಾಕುವುದಾದರೆ ಸಾಲದ ಕರಾರಿನ ಯಾವ ಕಲಮಿನ ಪ್ರಕಾರ ಎಂದು ತಿಳಿಸಬೇಕು. ಹಣವನ್ನು ಯಾವ ಖಾತೆಗೆ, ಯಾವ ರೀತಿ ಕಟ್ಟಬೇಕು ಎಂದು ತಿಳಿಸಬೇಕು.

2024-25ನೇ ಸಾಲಿನ ಅಂತಿಮ ಬಡ್ಡಿ ಪ್ರಮಾಣಪತ್ರವನ್ನೂ, 1-4-2025ರಿಂದ 25-6-2025ರವರೆಗಿನ ತಾತ್ಕಾಲಿಕ ಬಡ್ಡಿ ಪ್ರಮಾಣಪತ್ರವನ್ನೂ ಜಂಟಿ ಸಾಲಗಾರರ ಹೆಸರು ಸಹಿತ ಕೊಡಬೇಕು. ಸಾಲ ಮುಗಿದ ಮೇಲೆ ಈ ವರ್ಷದ ಅಂತಿಮ ಪ್ರಮಾಣಪತ್ರವನ್ನು ಕೊಡಬೇಕು. ತಮ್ಮಲ್ಲಿರುವ ನಮ್ಮ ಮೂಲ ದಾಖಲೆಗಳ ಪಟ್ಟಿಯನ್ನು ಕೊಡಬೇಕು. ಸಾಲ ಮುಗಿದ ಕೂಡಲೇ ಕಂತು ವಸೂಲಿಯ ಆದೇಶವನ್ನು ರದ್ದು ಮಾಡಬೇಕೆಂದು ಕೋರುತ್ತೇವೆ. ಇಂತಿ ತಮ್ಮ ವಿಶ್ವಾಸಿಗಳು.” ಕೆಳಗೆ ಇಬ್ಬರ ಸಹಿ.

ಇಬ್ಬರ ಸಹಿ ಅಂದೆವು. ಜಂಟಿ ಸಾಲವಾದರೆ ಇದು ಮರೆಯಬಾರದು. ಒಬ್ಬರದೇ ಸಹಿ ಇದ್ದರೆ ಇನ್ನೊಬ್ಬರು ಬರಲಿ ಎಂದು ವಾಪಸು ಕಳಿಸುವುದುಂಟು. ಪತ್ರ ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಖಿನ ಜೊತೆ ಮೊಹರು ಹಾಕಿಸಿಕೊಳ್ಳಬೇಕು. ಮೊಹರು ಹಾಕುವುದಿಲ್ಲ ಎಂದರೆ ಜಗಳ ಬೇಡ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಚೀಟಿ ಇಟ್ಟುಕೊಳ್ಳಿ. ವಿಷಯದ ಸಾಲಿನಲ್ಲಿ ಬ್ಯಾಂಕಿನವರ ಪದಗಳನ್ನೇ ಹಾಕಿದ್ದು ಯಾಕೆಂದರೆ, ಈಗ ಶಾಖೆಗಳಲ್ಲಿ ಹೊರ ರಾಜ್ಯದ ಸಿಬ್ಬಂದಿ ಇರುತ್ತಾರೆ. ಆ ಎರಡು ಪದ ಕಿವಿಗೆ ಬಿದ್ದರೆ ಮಿಕ್ಕಿದ್ದು ಅವರಿಗೆ ಅರ್ಥವಾಗುತ್ತದೆ.

ಆರು ದಿನಕ್ಕೆ ಲೆಕ್ಕಪತ್ರ ಬಂತು. ಅಸಲು 2,19,000, ಇಪ್ಪತ್ತು ದಿನದ ಬಡ್ಡಿ 1,080. ಅದರ ಕೆಳಗೆ 590 ರೂಪಾಯಿ ಎಂದು ಇನ್ನೊಂದು ಸಾಲು. ಒಟ್ಟು 2,20,670. ಈ 590 ಎಲ್ಲಿಂದ ಬಂತು ಎಂದು ಕೇಳಿದರೆ, 2023ರಲ್ಲಿ ಒಂದು ಕಂತು ಖಾತೆಯಲ್ಲಿ ದುಡ್ಡಿಲ್ಲದೆ ವಾಪಸಾಗಿತ್ತು, ಅದರ ಶುಲ್ಕ 500, ಮೇಲೆ ಜಿ.ಎಸ್.ಟಿ. 90. ಕಂತನ್ನು ವಾರದೊಳಗೆ ಕಟ್ಟಿದ್ದರು, ಶುಲ್ಕ ಮಾತ್ರ ಮೂಲೆಯಲ್ಲಿ ಕೂತಿತ್ತು. ಇದು ಪಾಸ್ ಬುಕ್ಕಿನ ಬಾಕಿಯಲ್ಲಿ ಕಾಣುವುದೇ ಇಲ್ಲ. ಪಾಸ್ ಬುಕ್ ನೋಡಿ ಕಟ್ಟಿದ್ದರೆ 1,670 ರೂಪಾಯಿ ಕಡಿಮೆ ಬೀಳುತ್ತಿತ್ತು. ಬೇರೆ ಬೇರೆಯಾಗಿ ತೋರಿಸಿ ಎಂದು ಕೇಳಿದ್ದರಿಂದಲೇ ಇದು ತಿಳಿದದ್ದು. ಒಟ್ಟು ಮೊತ್ತ ಒಂದನ್ನೇ ಬರೆದುಕೊಟ್ಟರೆ ಅದರೊಳಗೆ ಏನು ಸೇರಿದೆ ಎಂದು ಯಾರು ಹೇಳಬೇಕು?

ಅವಧಿಪೂರ್ವ ಪಾವತಿಯ ಶುಲ್ಕ ಇವರಿಗೆ ಹಾಕಿರಲಿಲ್ಲ, ಹಾಕುವಂತೆಯೂ ಇರಲಿಲ್ಲ. ವ್ಯಕ್ತಿಗಳ ಹೆಸರಿನಲ್ಲಿರುವ, ಬಡ್ಡಿದರ ಕಾಲಕಾಲಕ್ಕೆ ಬದಲಾಗುವ ಮನೆ ಸಾಲಕ್ಕೆ ಬ್ಯಾಂಕುಗಳು ಈ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ. ಬಡ್ಡಿದರ ಕೊನೆವರೆಗೂ ಒಂದೇ ಎಂದು ನಿಗದಿಯಾದ ಸಾಲಗಳ ಮಾತು ಬೇರೆ. ಟ್ರ್ಯಾಕ್ಟರ್ ಸಾಲಗಳು ಸಾಮಾನ್ಯವಾಗಿ ಆ ಬಗೆಯವು, ಅಲ್ಲಿ ಶುಲ್ಕ ಇರಬಹುದು. ಎಷ್ಟು ಎಂಬುದು ಕರಾರಿನಲ್ಲಿ ಬರೆದಿರಬೇಕು. ಯಾವ ಕಲಮು ಎಂದು ಪತ್ರದಲ್ಲಿ ಕೇಳುವುದು ಈ ಕಾರಣಕ್ಕೇ. ಕೇಳಿದ ಮೇಲೆ ಕೆಲವು ಶುಲ್ಕಗಳು ತಾವಾಗಿಯೇ ಕಾಣೆಯಾಗುವುದನ್ನು ನಾವು ಕಂಡಿದ್ದೇವೆ!

ಇನ್ನು ದಿನಾಂಕದ ವಿಷಯ. ಕಂತು ಹೋದ ಮೇಲೆ ಒಂದು ವಾರವಾದರೂ ಬಿಟ್ಟು, ಮುಂದಿನ ಕಂತಿಗೆ ಹತ್ತು ದಿನವಾದರೂ ಇರುವಂತೆ ದಿನ ಗೊತ್ತು ಮಾಡಿಕೊಳ್ಳುವುದು ಕ್ಷೇಮ. ಕಂತಿನ ಹಿಂದಿನ ದಿನ ಹೋಗಿ ಸಾಲ ತೀರಿಸಿದರೆ, ಕಂತು ವಸೂಲಿಯ ಪಟ್ಟಿ ಅಷ್ಟರಲ್ಲಿ ಹೊರಟುಬಿಟ್ಟಿರುತ್ತದೆ. ಸಾಲವೂ ತೀರುತ್ತದೆ, ಮರುದಿನ ಕಂತೂ ಹೋಗುತ್ತದೆ, ಆ ದುಡ್ಡು ವಾಪಸು ಪಡೆಯಲು ಮತ್ತೆ ಅಲೆಯಬೇಕು. ಹಾಗೆಯೇ ಚೆಕ್ಕು. ಚೆಕ್ ಕೊಟ್ಟ ದಿನ ಸಾಲ ತೀರುವುದಿಲ್ಲ, ಅದರ ಹಣ ಜಮಾ ಆದ ದಿನ ತೀರುತ್ತದೆ. ಇವರೂ ಜೂನ್ 27, ಶುಕ್ರವಾರ ಮಧ್ಯಾಹ್ನ ಚೆಕ್ ಕೊಡುತ್ತೇನೆ ಎಂದಿದ್ದರು. 28 ನಾಲ್ಕನೇ ಶನಿವಾರ, 29 ಭಾನುವಾರ, ಎರಡೂ ದಿನ ಬ್ಯಾಂಕಿಗೆ ರಜಾ. ಹಣ ಜಮಾ ಆಗುವುದು 30ಕ್ಕೆ. 25ರ ಲೆಕ್ಕಕ್ಕಿಂತ ಐದು ದಿನ ಜಾಸ್ತಿ, ಅಂದರೆ 270 ರೂಪಾಯಿ. ಮತ್ತೆ ಅದೇ ಚಿಲ್ಲರೆ ಬಾಕಿಯ ಕಥೆ. ಕೊನೆಗೆ 25ಕ್ಕೇ ಉಳಿತಾಯ ಖಾತೆಯಿಂದ ಆರ್.ಟಿ.ಜಿ.ಎಸ್. ಮಾಡಿಸಿದರು, ಅವತ್ತೇ ಜಮಾ ಆಯಿತು. ಅದರ ಯು.ಟಿ.ಆರ್. ನಂಬರನ್ನು ಲೆಕ್ಕಪತ್ರದ ಮೇಲೆಯೇ ಬರೆದಿಟ್ಟುಕೊಂಡರು.

ಈಗ ಬಡ್ಡಿ ಪ್ರಮಾಣಪತ್ರಕ್ಕೆ ಬರೋಣ. ನಮ್ಮಲ್ಲಿ ಹಲವರು, “ನಮಗೇನು ಇನ್‌ಕಂ ಟ್ಯಾಕ್ಸೇ, ಅದ್ಯಾಕೆ ಬೇಕು” ಅನ್ನುತ್ತಾರೆ. ಬೇಸಾಯದ ಆದಾಯ ಮಾತ್ರ ಇರುವವರಿಗೆ ತೆರಿಗೆಗೆ ಬೇಕಿಲ್ಲ, ನಿಜ. ಆದರೆ ಮನೆಯಲ್ಲಿ ಸಂಬಳದ ಮಗನೋ ಸೊಸೆಯೋ ಜಂಟಿ ಸಾಲಗಾರರಾಗಿ, ಮನೆಯಲ್ಲೂ ಪಾಲುದಾರರಾಗಿದ್ದು, ತೆರಿಗೆಯ ಹಳೇ ಪದ್ಧತಿಯಲ್ಲಿ ಲೆಕ್ಕ ಕೊಡುತ್ತಿದ್ದರೆ ತಾವು ವಾಸವಿರುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಕೇಳಬಹುದು. ಹೊಸ ಪದ್ಧತಿಯಲ್ಲಿ ವಾಸದ ಮನೆಗೆ ಅದು ಸಿಗುವುದಿಲ್ಲ. ಹಳೇ ಪದ್ಧತಿಯಲ್ಲಿ ಕೇಳಬೇಕಾದರೆ ಆಧಾರವೇ ಈ ಪ್ರಮಾಣಪತ್ರ. ಸಾಲ ಮುಗಿದ ವರ್ಷದಲ್ಲಿ ಇದನ್ನು ಮರೆಯುವವರೇ ಹೆಚ್ಚು, ಯಾಕೆಂದರೆ ಸಾಲ ಮುಗಿಯಿತು ಎಂದ ಮೇಲೆ ಆ ಶಾಖೆಯ ಮುಖ ಯಾರು ನೋಡುತ್ತಾರೆ? ಮಾರ್ಚಿ ತಿಂಗಳಲ್ಲಿ ಶಾಲೆಯಿಂದ ಮಗ ಫೋನು ಮಾಡಿದಾಗ ನೆನಪಾಗುತ್ತದೆ. ಅಷ್ಟರಲ್ಲಿ ಖಾತೆ ಮುಚ್ಚಿರುತ್ತದೆ, ಮೊಬೈಲಿನಲ್ಲಿ ತೆರೆದು ನೋಡುತ್ತಿದ್ದದ್ದೂ ಹಲವು ಕಡೆ ನಿಂತಿರುತ್ತದೆ.

ತೆರಿಗೆ ಬಿಡಿ, ಈ ಪ್ರಮಾಣಪತ್ರದಿಂದ ಇನ್ನೊಂದು ಉಪಯೋಗವಿದೆ, ನಮ್ಮ ಮಟ್ಟಿಗೆ ಅದೇ ದೊಡ್ಡದು. ಸಾಲ ಕೊಟ್ಟವರ ಲೆಕ್ಕ ಸರಿಯೇ ಎಂದು ದುಡ್ಡು ಕಟ್ಟುವ ಮುಂಚೆಯೇ ಪರೀಕ್ಷೆ ಮಾಡಬಹುದು. ಇವರ ಪ್ರಮಾಣಪತ್ರದಲ್ಲಿ 2024-25ಕ್ಕೆ ಬಡ್ಡಿ 25,733, ಅಸಲು 82,267 ಎಂದಿತ್ತು. ಎರಡೂ ಸೇರಿದರೆ 1,08,000. ಹನ್ನೆರಡು ಕಂತು, ಒಂದೊಂದು 9,000, ಅದೂ 1,08,000. ತಾಳೆಯಾಯಿತು. ವರ್ಷದ ಮೊದಲಿಗೆ ಇದ್ದ ಬಾಕಿ 3,23,013. ಅದರಲ್ಲಿ ಅಸಲು 82,267 ಕಳೆದರೆ 2,40,746, ವರ್ಷದ ಕೊನೆಯ ಬಾಕಿಯೂ ಅದೇ. ಮತ್ತೆ ತಾಳೆ. ಇಷ್ಟು ನೋಡಲು ಕೂಡುವುದು ಕಳೆಯುವುದು ಬಂದರೆ ಸಾಕು. ಮೊತ್ತ ಹೊಂದದಿದ್ದರೆ ಒಂದೋ ನೀವು ಕಟ್ಟಿದ ಕಂತೊಂದು ಜಮಾ ಆಗಿಲ್ಲ, ಇಲ್ಲವೇ ನಿಮ್ಮ ಕಂತಿನ ಸ್ವಲ್ಪ ಭಾಗ ಯಾವುದೋ ಶುಲ್ಕಕ್ಕೋ ವಿಮೆಗೋ ಹೋಗಿದೆ. ಆಗ ಖಾತೆಯ ಪೂರ್ತಿ ವಿವರ ಕೇಳಿ ಯಾವ ತಿಂಗಳು ಎಂದು ಹುಡುಕಬೇಕು. ಸಾಲ ಬಾಕಿ ಇರುವಾಗ ಕೇಳಿದರೆ ಉತ್ತರ ಬೇಗ ಬರುತ್ತದೆ, ಮುಗಿದ ಮೇಲೆ ಕೇಳಿದರೆ ನಾಳೆ ಬನ್ನಿ.

ಏಪ್ರಿಲ್‌ನಿಂದ ಜೂನ್ 25ರವರೆಗಿನ ತಾತ್ಕಾಲಿಕ ಪ್ರಮಾಣಪತ್ರದಲ್ಲಿ ಬಡ್ಡಿ 6,335 ಎಂದು ಬಂತು. ಮೂರು ಕಂತಿನೊಳಗಿನ ಬಡ್ಡಿ 5,255, ಮೇಲೆ ಆ ಇಪ್ಪತ್ತು ದಿನದ 1,080. ತಾತ್ಕಾಲಿಕ ಎಂದರೆ ಅಂದಾಜು. ಕಟ್ಟುವ ದಿನ ಹಿಂದೆಮುಂದೆ ಆದರೆ ಅಂಕಿ ಬದಲಾಗುತ್ತದೆ. ಆದ್ದರಿಂದ ಮಗನ ಕಚೇರಿಗೆ ಅದನ್ನು ಕೊಡದೆ, ಸಾಲ ಮುಗಿದ ಮೇಲೆ ಬಂದ ಅಂತಿಮ ಪ್ರಮಾಣಪತ್ರವನ್ನೇ ಇಟ್ಟುಕೊಳ್ಳಬೇಕು. ಇಬ್ಬರ ಹೆಸರೂ ಇದೆಯೇ, ಮನೆಯ ವಿಳಾಸ ಸರಿಯಿದೆಯೇ ಎಂದು ಅಲ್ಲೇ ನಿಂತು ಓದಿ. ಇವರ ಮೊದಲನೇ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರೊಂದೇ ಇತ್ತು, ವಾಪಸು ಕೊಟ್ಟು ಮಗನ ಹೆಸರು ಸೇರಿಸಿಸಿದೆವು.

ದಾಖಲೆಗಳ ಪಟ್ಟಿ ಕೇಳಿದ್ದೂ ಹೀಗೆಯೇ ಉಪಯೋಗಕ್ಕೆ ಬಂತು. ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ಇ-ಸ್ವತ್ತಿನ ನಮೂನೆಗಳು, ಇವೆಲ್ಲ ಸಾಲ ತೆಗೆದ ದಿನ ಕೊಟ್ಟವು. ಏನೇನು ಕೊಟ್ಟೆವು ಎಂಬುದು ವರ್ಷಗಳ ಮೇಲೆ ಯಾರಿಗೆ ನೆನಪಿರುತ್ತದೆ? ಪಟ್ಟಿ ಮೊದಲೇ ಕೈಲಿದ್ದರೆ ವಾಪಸು ತೆಗೆದುಕೊಳ್ಳುವಾಗ ಒಂದೊಂದಕ್ಕೂ ಗುರುತು ಹಾಕಿಕೊಳ್ಳಬಹುದು. ಇಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ನಿಯಮ ಇದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನೆಲ್ಲ ವಾಪಸು ಕೊಟ್ಟು, ಆಸ್ತಿಯ ಮೇಲಿನ ಋಣಭಾರವನ್ನೂ ತೆಗೆಸಬೇಕೆಂದು ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಆದೇಶ ಮಾಡಿದೆ. ಅದು ಆ ವರ್ಷದ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಅವರ ಕಾರಣದಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರರಿಗೆ ಪರಿಹಾರ ಕೊಡಬೇಕು. ಈ 30 ದಿನದ ಎಣಿಕೆ ಶುರುವಾಗುವುದು ಸಾಲ ಪೂರ್ತಿ ತೀರಿದ ದಿನದಿಂದ. ಹತ್ತು ರೂಪಾಯಿ ಬಾಕಿ ಇದ್ದರೂ ತೀರಿಲ್ಲ ಎಂದೇ ಹೇಳಬಹುದು. ಮುಕ್ತಾಯದ ಲೆಕ್ಕಪತ್ರ ಮತ್ತು ಅಷ್ಟೇ ಮೊತ್ತದ ರಶೀದಿ ಜೊತೆಗಿದ್ದರೆ ಯಾವ ದಿನ ತೀರಿತು ಎಂಬುದರಲ್ಲಿ ವಾದವಿಲ್ಲ.

ಈ ಆದೇಶ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ, ಫೈನಾನ್ಸ್ ಕಂಪನಿಗಳಿಗೆ ಅನ್ವಯ. ನಮ್ಮಂಥ ಗ್ರಾಮ ಮಟ್ಟದ ಸಂಘಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ, ಸಹಕಾರ ಇಲಾಖೆಯ ಕೆಳಗೆ ಬರುತ್ತೇವೆ. ಇಲ್ಲಿ ತಕರಾರಿದ್ದರೆ ಮೊದಲು ನಮ್ಮ ಆಡಳಿತ ಮಂಡಳಿಗೆ ಬರೆಯಿರಿ. ಬ್ಯಾಂಕಿನವರು ಪತ್ರಕ್ಕೆ 30 ದಿನವಾದರೂ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಆಗ ಅವರು ಮೊದಲು ಕೇಳುವುದು ನೀವು ಬ್ಯಾಂಕಿಗೆ ಬರೆದ ಪತ್ರವನ್ನೇ. ಆ ಮೊಹರಿನ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ನಮ್ಮ ಸದಸ್ಯರಿಗೆ ಜುಲೈ ತಿಂಗಳಲ್ಲೇ ಬಾಕಿ ಇಲ್ಲ ಎಂಬ ಪತ್ರ ಬಂತು, ದಾಖಲೆಗಳೂ ಪಟ್ಟಿಯಂತೆ ಕೈಗೆ ಸೇರಿದವು. ಉಪನೋಂದಣಿ ಕಚೇರಿಯಲ್ಲಿ ಅಡಮಾನ ಬಿಡುಗಡೆ ನೋಂದಣಿಯಾದ ಮೇಲೆ ಹೊಸದಾಗಿ ಇ.ಸಿ. ತೆಗೆಸಿ ನೋಡಿದರು. ಜಮೀನಿನ ಮೇಲೆ ಸಾಲ ಮಾಡಿದವರು ಪಹಣಿಯ 11ನೇ ಕಲಂ ಕೂಡ ನೋಡಬೇಕು, ಬ್ಯಾಂಕಿನ ಹೆಸರು ಅಲ್ಲಿ ಇನ್ನೂ ಕೂತಿದ್ದರೆ ಅದನ್ನೂ ತೆಗೆಸಬೇಕು. ಎರಡು ತಿಂಗಳು ಬಿಟ್ಟು ಸಿಬಿಲ್ ವರದಿಯಲ್ಲಿ ಖಾತೆ ಮುಚ್ಚಿದೆ ಎಂದು ಬಂದಿದೆಯೇ ಎಂದು ಮಗ ಮೊಬೈಲಿನಲ್ಲೇ ನೋಡಿದ, ಬಂದಿತ್ತು.

ಈಗ ಓದಿದ ಪತ್ರದ ಮಾದರಿಯನ್ನು ಕಾರ್ಯದರ್ಶಿಗಳ ಹತ್ತಿರ ಇಟ್ಟಿದ್ದೇವೆ. ಹೆಸರು, ಖಾತೆ ಸಂಖ್ಯೆ, ತಾರೀಖು ತುಂಬಿದರೆ ಸಾಕು. ಈ ವರ್ಷ ಸಾಲ ತೀರಿಸಬೇಕೆಂದಿರುವವರು ಸೋಮವಾರ ಬೆಳಿಗ್ಗೆ ಸಂಘದ ಕಚೇರಿಗೆ ಪಾಸ್ ಬುಕ್ಕು ಮತ್ತು ಸಾಲದ ಕರಾರಿನ ಪ್ರತಿ ತೆಗೆದುಕೊಂಡು ಬನ್ನಿ, ಒಂದು ದಿನದ ಬಡ್ಡಿ ಎಷ್ಟು ಎಂದು ಅಲ್ಲೇ ಕೂತು ಲೆಕ್ಕ ಹಾಕೋಣ.